ರೂಪಾಯಿ, ಡಾಲರ್, ದಿನಾರ್ ಒಂದೇ ಕಾಲಮ್ಮಿನಲ್ಲಿ ಬಂದಾಗ

ಮೈಸೂರಿನಲ್ಲಿ ಊದುಬತ್ತಿ ರಫ್ತು ಮಾಡುವ ಒಂದು ಕಂಪನಿಯ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಸರಕು ಸಾಗಿಸುವ ಏಜೆಂಟರು ಪ್ರತಿ ತಿಂಗಳು ಖರ್ಚಿನ ಸ್ಟೇಟ್‌ಮೆಂಟನ್ನು ಪಿಡಿಎಫ್ ಮಾಡಿ ಕಳಿಸುತ್ತಾರೆ. ಅದರ ಟೇಬಲ್ಲನ್ನು `pdfplumber` ಎಂಬ ಪೈಥಾನ್ ಲೈಬ್ರರಿ ಬಳಸಿ ಹೊರಗೆ ತೆಗೆದರೆ ಮೊತ್ತದ ಕಾಲಮ್ ಹೀಗೆ ಬರುತ್ತದೆ:

```
Rs. 500/-
` 1,04,500.00
US$ 1,250.00
$ 840.00
KWD 12.500
€ 12.500,00
(Rs. 2,300.00)
```

ಇದನ್ನು ನೋಡಿದ ತಕ್ಷಣ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ. ಅಂಕಿ ಮತ್ತು ಚುಕ್ಕಿ ಉಳಿಸಿಕೊಂಡು ಮಿಕ್ಕಿದ್ದೆಲ್ಲ ಅಳಿಸಿಬಿಡುವುದು. ಅಲ್ಲೇ ಇರುವುದು ತೊಂದರೆ. `Rs.` ಹಿಂದಿನ ಚುಕ್ಕಿ ಅಳಿಯುವುದಿಲ್ಲ. ಹಾಗಾಗಿ ಐನೂರು ರೂಪಾಯಿ `.500` ಆಗುತ್ತದೆ, ಅಂದರೆ ಐವತ್ತು ಪೈಸೆ! ಕೊನೆಯ ಸಾಲು `.2300.00` ಆಗುತ್ತದೆ. ಎರಡು ಚುಕ್ಕಿ ಇರುವುದರಿಂದ ಅದನ್ನು ಸಂಖ್ಯೆ ಮಾಡಲು ಆಗದೆ ದೋಷ ಬರುತ್ತದೆ, ಕಣ್ಣಿಗೂ ಬೀಳುತ್ತದೆ. ಐವತ್ತು ಪೈಸೆ ಮಾತ್ರ ಸುಮ್ನೆ ಒಳಗೆ ಸೇರಿಕೊಳ್ಳುತ್ತದೆ. ಇನ್ನು ದಿನಾರ್ ಮತ್ತು ಯೂರೋ ಸಾಲುಗಳು ಎರಡೂ ಹನ್ನೆರಡೂವರೆ ಆಗುತ್ತವೆ. ಯೂರೋ ಸಾಲಿನಲ್ಲಿ ನಿಜಕ್ಕೂ ಇರುವುದು ಹನ್ನೆರಡೂವರೆ ಸಾವಿರ.

ಅದಕ್ಕೇ ನಾನು ಮೊದಲು ಕರೆನ್ಸಿಯನ್ನು ಬೇರೆ ಮಾಡುತ್ತೇನೆ, ಆಮೇಲಷ್ಟೇ ಅಂಕಿ ಓದುತ್ತೇನೆ. ಯಾವುದನ್ನೂ ಅಳಿಸುವುದಿಲ್ಲ. ಮೂಲ ಬರಹ ಒಂದು ಕಾಲಮ್ಮಿನಲ್ಲಿ ಹಾಗೇ ಇರುತ್ತದೆ. ಅದರ ಪಕ್ಕದಲ್ಲಿ ಮುಂದಿನ ಭಾಗ, ಅಂಕಿ, ಹಿಂದಿನ ಭಾಗ ಅಂತ ಮೂರು ತುಂಡು ಮಾಡುತ್ತೇನೆ:

```python
pat = re.compile(r"(\D*)(\d(?:[\d.,]*\d)?)(\D*)")
m = pat.fullmatch(cell.strip())
```

ಅಂಕಿಯ ಭಾಗ ಅಂಕಿಯಿಂದಲೇ ಶುರುವಾಗಿ ಅಂಕಿಯಲ್ಲೇ ಮುಗಿಯಬೇಕು. ಆಗ `Rs.`ನ ಚುಕ್ಕಿ ಮುಂದಿನ ಭಾಗದಲ್ಲೇ ಉಳಿಯುತ್ತದೆ, `/-` ಹಿಂದಿನ ಭಾಗಕ್ಕೆ ಹೋಗುತ್ತದೆ. ಎರಡೂ ಬದಿಯ ಭಾಗಗಳಲ್ಲಿ ಕಂಸ ಅಥವಾ ಮೈನಸ್ ಗುರುತು ಇದ್ದರೆ ಅದನ್ನು ತೆಗೆದು, ಮೊತ್ತ ಋಣ ಅಂತ ಬರೆದಿಟ್ಟುಕೊಳ್ಳುತ್ತೇನೆ. `/-` ಮಾತ್ರ ಮೊದಲೇ ಹೋಗಬೇಕು, ಇಲ್ಲದಿದ್ದರೆ ಅದರ ಗೀಟೇ ಮೈನಸ್ ಆಗಿಬಿಡುತ್ತದೆ.

ಉಳಿದ ಅಕ್ಷರಗಳನ್ನು, ಅಕ್ಕಪಕ್ಕದ ಖಾಲಿ ಜಾಗ ತೆಗೆದು, ನನ್ನ ಪಟ್ಟಿಯಲ್ಲಿ ಹುಡುಕುತ್ತೇನೆ. `Rs.`, `Rs`, `₹`, `INR` ಎಲ್ಲ `INR`. `US$` ಅಂದರೆ `USD`. ಇಲ್ಲಿ ಇಡೀ ಪದ ಹೊಂದಬೇಕು. ಒಳಗೆಲ್ಲೋ `$` ಇದೆಯಾ ಅಂತ ನೋಡಿದರೆ `S$`, `A$`, `HK$` ಎಲ್ಲವೂ ಅಮೆರಿಕದ ಡಾಲರ್ ಆಗಿಬಿಡುತ್ತವೆ.

ಎರಡನೇ ಸಾಲಿನ ಆ ವಿಚಿತ್ರ ಗುರುತು ಏನು? ಪಿಡಿಎಫ್ ತೆರೆದು ನೋಡಿದರೆ ಅಲ್ಲಿ ಚೆನ್ನಾಗಿಯೇ ₹ ಕಾಣುತ್ತದೆ. ನಮ್ಮ ರೂಪಾಯಿ ಚಿಹ್ನೆ ಬಂದದ್ದು 2010ರಲ್ಲಿ. ಆಗ ಬಂದ ಕೆಲವು ಫಾಂಟುಗಳು ಕೀಬೋರ್ಡಿನ ಬ್ಯಾಕ್‌ಟಿಕ್ ಜಾಗದಲ್ಲಿ ರೂಪಾಯಿಯ ಚಿತ್ರ ಕೂರಿಸಿದ್ದವು. ಆ ಫಾಂಟ್ ಇಟ್ಟುಕೊಂಡ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಬಂದ ಪಿಡಿಎಫ್‌ನಲ್ಲಿ ಕಣ್ಣಿಗೆ ಕಾಣುವುದು ರೂಪಾಯಿ, ಒಳಗಿರುವ ಅಕ್ಷರ ಬ್ಯಾಕ್‌ಟಿಕ್. `page.chars`ನಲ್ಲಿ ಆ ಅಕ್ಷರದ `fontname` ನೋಡಿದರೆ ಅದಕ್ಕೆ ಬೇರೆಯೇ ಫಾಂಟ್ ಇರುವುದು ಗೊತ್ತಾಗುತ್ತದೆ. ಪುಟವನ್ನೂ ನೋಡಿ ಖಚಿತ ಆದ ಮೇಲೆಯೇ ಈ ಏಜೆಂಟರ ಪಟ್ಟಿಗೆ ಅದನ್ನು `INR` ಅಂತ ಸೇರಿಸಿದೆ. 1,04,500 ಅಂತ ಲಕ್ಷದ ಲೆಕ್ಕದಲ್ಲಿ ಬಿದ್ದಿರುವ ಅಲ್ಪವಿರಾಮವೂ ಒಂದು ಸುಳಿವು ಕೊಡುತ್ತದೆ, ಅಲ್ವಾ? ಆದರೆ ಅದೊಂದನ್ನೇ ನಂಬಬಾರದು. ನಮ್ಮವರು ಡಾಲರನ್ನೂ ಹಾಗೇ ಬರೆಯುತ್ತಾರೆ.

ಬರೀ `$` ಇರುವ ಸಾಲಿನ ಕರೆನ್ಸಿಯನ್ನು ಖಾಲಿ ಬಿಡುತ್ತೇನೆ. ಈ 840ರ ಬಗ್ಗೆ ಕೇಳಿದಾಗ ಕಂಪನಿಯ ಗುಮಾಸ್ತರು, "ಮೇಡಂ, ಅದು ಸಿಂಗಪುರದ ಪೋರ್ಟ್ ಚಾರ್ಜು, ಅಲ್ಲಿನ ಡಾಲರ್ರು" ಅಂದರು. ಮೂಲ ಬಿಲ್ಲಿನಲ್ಲೂ `SGD` ಅಂತಲೇ ಇತ್ತು. ಗೊತ್ತಿಲ್ಲದ್ದಕ್ಕೆಲ್ಲ ತಾನಾಗಿ `INR` ಅಥವಾ `USD` ತುಂಬುವ ಕೋಡ್ ನನಗೆ ಬೇಡವೇ ಬೇಡ.

ಅಂಕಿ ಓದುವ ಸರದಿ ಈಗ. ಕುವೈತ್ ದಿನಾರಿಗೆ ಸಾವಿರ ಫಿಲ್ಸ್, ಹಾಗಾಗಿ ಚುಕ್ಕಿಯ ನಂತರ ಮೂರು ಅಂಕಿ ಬರುವುದು ಸಹಜ. `12.500` ಅಲ್ಲಿ ಹನ್ನೆರಡೂವರೆ ದಿನಾರ್. ಯೂರೋ ಸಾಲು ಜರ್ಮನಿಯ ಪಾರ್ಟಿಯದು. ಅವರಲ್ಲಿ ಸಾವಿರಕ್ಕೆ ಚುಕ್ಕಿ, ದಶಾಂಶಕ್ಕೆ ಅಲ್ಪವಿರಾಮ. ಎಲ್ಲ ಯೂರೋಗೂ ಇದೇ ನಿಯಮ ಅಂದುಕೊಳ್ಳಬೇಡಿ, ಐರ್ಲೆಂಡಿನವರು ನಮ್ಮ ಹಾಗೆ ಚುಕ್ಕಿಯನ್ನೇ ದಶಾಂಶಕ್ಕೆ ಬಳಸುತ್ತಾರೆ. ಅದಕ್ಕೆ ಬರೆಯುವ ರೀತಿಯನ್ನು ಕರೆನ್ಸಿಗಲ್ಲ, ಪಾರ್ಟಿಯ ಹೆಸರಿಗೆ ಜೋಡಿಸಿದ್ದೇನೆ. ಮೊತ್ತವನ್ನು `float` ಬದಲು `Decimal` ಮಾಡುತ್ತೇನೆ.

ಕೊನೆಗೆ ಪ್ರತಿ ಕರೆನ್ಸಿಯನ್ನೂ ಬೇರೆ ಬೇರೆ ಕೂಡಿ, ಸ್ಟೇಟ್‌ಮೆಂಟಿನ ಅಡಿಯಲ್ಲಿ ಅಚ್ಚಾದ ಮೊತ್ತದ ಜೊತೆ ತಾಳೆ ನೋಡುತ್ತೇನೆ. ರೂಪಾಯಿಯಲ್ಲಿ 499.50 ಕಡಿಮೆ ಬಂದರೆ ಆ `Rs.` ಚುಕ್ಕಿಯದೇ ಕೆಲಸ. ಟೇಬಲ್ಲಿನ ಒಂದೇ ಮನೆಯಲ್ಲಿ `US$ 1,250.00 / ₹ 1,04,500` ಅಂತ ಎರಡು ಮೊತ್ತ ಇದ್ದರೆ `fullmatch` ಹೊಂದುವುದೇ ಇಲ್ಲ. ಅಂಥ ಸಾಲುಗಳು ಬೇರೆ ಶೀಟಿಗೆ ಹೋಗುತ್ತವೆ. ಅವನ್ನು ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಕೈಯಲ್ಲೇ ತುಂಬುತ್ತೇನೆ.