ಒಂದು ಸ್ಲಿಟ್‌ಗೆ ಅಭ್ರಕ ಮುಚ್ಚಿದಾಗ ಫ್ರಿಂಜ್ ಎಷ್ಟು ಸರಿಯಿತು? ಎಣಿಸುವ ಬಗೆ

ಜೋಡಿ ಸ್ಲಿಟ್ ಪ್ರಯೋಗದ ಈ ಸೂತ್ರ ಚಿಕ್ಕದು: N = (μ − 1)t / λ. N ಅಂದರೆ ಸರಿದ ಫ್ರಿಂಜ್‌ಗಳ ಸಂಖ್ಯೆ, μ ಹಾಳೆಯ ವಕ್ರೀಭವನ ಸೂಚ್ಯಂಕ, t ಅದರ ದಪ್ಪ, λ ಬೆಳಕಿನ ತರಂಗಾಂತರ. ಮುಚ್ಚಿದ ಸ್ಲಿಟ್‌ನ ಬೆಳಕು ಹಾಳೆಯೊಳಗೆ ನಿಧಾನವಾಗುವುದರಿಂದ ಇಡೀ ಫ್ರಿಂಜ್ ಸಾಲು ಆ ಸ್ಲಿಟ್‌ನ ಕಡೆಗೇ ಸರಿಯುತ್ತದೆ. ತೊಂದರೆ ಇರುವುದು ಎಣಿಕೆಯಲ್ಲಿ. ಲೇಸರ್‌ನಲ್ಲಿ ಎಲ್ಲ ಫ್ರಿಂಜ್‌ಗಳೂ ಒಂದೇ ಥರ ಕಾಣುತ್ತವೆ. ನಾಲ್ಕೂವರೆ ಫ್ರಿಂಜ್ ಸರಿದರೂ ಕಣ್ಣಿಗೆ ಬೀಳುವುದು ಅರ್ಧ ಫ್ರಿಂಜ್ ಮಾತ್ರ. ಹಾಗಾಗಿ ನಾನು ಈ ಪ್ರಯೋಗವನ್ನು ಬಿಳಿ ಬೆಳಕಿನಲ್ಲೇ ಮಾಡುತ್ತೇನೆ. ಅದರಲ್ಲಿ ನಡುವಿನ ಫ್ರಿಂಜ್ ಒಂದೇ ಬಿಳಿ, ಅಕ್ಕಪಕ್ಕದವುಗಳ ಅಂಚಿಗೆ ಬಣ್ಣ ಹತ್ತಿರುತ್ತದೆ.

ಫಿಲಮೆಂಟ್ ಬಲ್ಬಿನ ಮುಂದೆ 0.1 ಮಿ.ಮೀ. ಅಗಲದ ಒಂಟಿ ಸ್ಲಿಟ್, ಅಲ್ಲಿಂದ 30 ಸೆ.ಮೀ. ದೂರದಲ್ಲಿ ಜೋಡಿ ಸ್ಲಿಟ್ (ನಡುವಿನ ಅಂತರ 0.5 ಮಿ.ಮೀ., ಒಂದೊಂದರ ಅಗಲ 0.05 ಮಿ.ಮೀ.), ಅದರಿಂದ 80 ಸೆ.ಮೀ. ಆಚೆ ಮೈಕ್ರೊಮೀಟರ್ ಐಪೀಸ್. ಮೊದಲು 546 ನ್ಯಾ.ಮೀ. ಹಸಿರು ಫಿಲ್ಟರ್ ಇಟ್ಟು ಐದು ಫ್ರಿಂಜ್‌ಗಳ ಒಟ್ಟು ಅಗಲ ಅಳೆದು ಐದರಿಂದ ಭಾಗಿಸುತ್ತೇನೆ. ಈ ಜೋಡಣೆಯಲ್ಲಿ ಒಂದು ಫ್ರಿಂಜ್‌ಗೆ 0.874 ಮಿ.ಮೀ. ಬರಬೇಕು. ಆಮೇಲೆ ಫಿಲ್ಟರ್ ತೆಗೆದು ಬಿಳಿ ಫ್ರಿಂಜ್ ಮೇಲೆ ಕ್ರಾಸ್‌ವೈರ್ ನಿಲ್ಲಿಸಿ ಓದಿಕೊಳ್ಳುವುದು.

ಕೈ ಪಳಗಬೇಕಾದದ್ದು ಹಾಳೆಯ ಕೆಲಸದಲ್ಲಿ. ಅಭ್ರಕದ ಮೂಲೆಗೆ ಸೂಜಿ ತೂರಿಸಿ ಪದರ ಬಿಡಿಸಿ, ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಅಂಚು ಕತ್ತರಿಸಿ, ಆ ನೇರ ಅಂಚು ಎರಡು ಸ್ಲಿಟ್‌ಗಳ ನಡುವಿನ ಅಪಾರದರ್ಶಕ ಪಟ್ಟಿಯ ಮೇಲೆ ಕೂರುವಂತೆ ಲೆನ್ಸ್ ಹಿಡಿದು ಸರಿಸಬೇಕು. ಅಲ್ಲಿರುವ ಜಾಗ ಅರ್ಧ ಮಿಲಿಮೀಟರಿಗೂ ಕಡಿಮೆ. ಅಂಚು ಓರೆಯಾಗಿ ಇನ್ನೊಂದು ಸ್ಲಿಟ್‌ನ ಮೇಲೂ ಚಾಚಿದರೆ ಫ್ರಿಂಜ್‌ಗಳು ಮಸುಕಾಗುತ್ತವೆ, ಕೆಲವೊಮ್ಮೆ ಸರಿದ ಸಾಲು ಮತ್ತು ಸರಿಯದ ಸಾಲು ಒಂದರ ಮೇಲೊಂದು ಕಾಣುತ್ತವೆ. ಎರಡೂ ಸ್ಲಿಟ್ ಪೂರ್ತಿ ಮುಚ್ಚಿಹೋಗಿದ್ದರೆ ಬಿಳಿ ಫ್ರಿಂಜ್ ಇದ್ದಲ್ಲೇ ಇರುತ್ತದೆ.

ಒಂದು ಲೆಕ್ಕ ನೋಡಿ. ಬಿಳಿ ಫ್ರಿಂಜ್ ಮೊದಲು 2.12 ಮಿ.ಮೀ.ಯಲ್ಲಿತ್ತು, ಹಾಳೆ ಇಟ್ಟ ಮೇಲೆ 6.05. ಸರಿದದ್ದು 3.93, ಅಂದರೆ N = 3.93/0.874 = 4.50. ಅಭ್ರಕಕ್ಕೆ μ = 1.59 ಹಿಡಿದರೆ t = 4.50 × 0.546/0.59 = 4.16 ಮೈಕ್ರಾನ್. ಮಾಮೂಲಿ ಸ್ಕ್ರೂಗೇಜ್ ಹತ್ತು ಮೈಕ್ರಾನ್‌ಗಿಂತ ಕೆಳಗೆ ಓದುವುದಿಲ್ಲ, ಇಂಥ ಪದರ ಅದಕ್ಕೆ ಸಿಗುವುದೇ ಇಲ್ಲ.

ಈ ಉತ್ತರ ನಿಜಕ್ಕಿಂತ ತುಸು ಹೆಚ್ಚು. ಅಭ್ರಕದ μ ಬಣ್ಣದಿಂದ ಬಣ್ಣಕ್ಕೆ ಬದಲಾಗುವುದರಿಂದ, ಎಲ್ಲ ಬಣ್ಣಗಳೂ ಒಂದಾಗಿ ಬಿಳಿಯಾಗಿ ಕಾಣುವ ಜಾಗ ಸೂತ್ರ ಹೇಳುವುದಕ್ಕಿಂತ ಕೆಲವು ಶೇಕಡಾ ಮುಂದೆ ಬೀಳುತ್ತದೆ. ಪರೀಕ್ಷೆಯ ಲೆಕ್ಕಗಳಲ್ಲಿ ಇದರ ಸುಳಿವೇ ಇರುವುದಿಲ್ಲ.

ಅಭ್ರಕ ಸಿಗಲಿಲ್ಲವೆಂದು ಮೈಕ್ರೊಸ್ಕೋಪಿನ ಕವರ್ ಸ್ಲಿಪ್ ಇಡಬೇಡಿ. 0.15 ಮಿ.ಮೀ. ಗಾಜು, μ = 1.52 ಅಂದರೆ ಸುಮಾರು 143 ಫ್ರಿಂಜ್: ಇದೇ ಜೋಡಣೆಯಲ್ಲಿ ಬಿಳಿ ಫ್ರಿಂಜ್ 12 ಸೆ.ಮೀ.ಗೂ ಆಚೆ ಹೋಗಿರುತ್ತದೆ. 0.05 ಮಿ.ಮೀ. ಸ್ಲಿಟ್‌ನ ಬೆಳಕು ನಡುವಿನಿಂದ 8.7 ಮಿ.ಮೀ. ದಾಟುವಷ್ಟರಲ್ಲೇ ಆರಿಹೋಗುವುದರಿಂದ ಐಪೀಸ್‌ನಲ್ಲಿ ಉಳಿಯುವುದು ಫ್ರಿಂಜ್ ಇಲ್ಲದ ಬರಿಯ ಬಿಳಿ ಮಬ್ಬು.