ವೈಡಲ್ ಚೀಟಿಯೊಂದಿಗೆ ಬಂದ ಜ್ವರ

ರಾಯಚೂರಿನಲ್ಲಿ ವಾರಗಟ್ಟಲೆ ಜ್ವರದಿಂದ ನರಳಿ ನನ್ನಂಥ ಫಿಸಿಷಿಯನ್ ಬಳಿ ಬರುವವರ ಕೈಯಲ್ಲಿ ಟೈಫಾಯ್ಡ್ ಪತ್ತೆಗೆ ಮಾಡುವ ವೈಡಲ್ ಪರೀಕ್ಷೆಯ ಚೀಟಿ ಇದ್ದೇ ಇರುತ್ತದೆ. ಸಿಂಧನೂರು ಕಡೆಯ ಆ ಹೆಣ್ಣುಮಗಳ ಬಳಿಯೂ ಇತ್ತು. ಟೈಫಾಯ್ಡ್ ಎಂದು ಊರಿನಲ್ಲಿ ಆಂಟಿಬಯೋಟಿಕ್ ಕೊಟ್ಟಿದ್ದರು. ಔಷಧ ನಡೆಯುವಷ್ಟು ದಿನ ಜ್ವರ ಇಳಿಯುತ್ತಿತ್ತು, ನಿಲ್ಲಿಸಿದರೆ ಮರಳುತ್ತಿತ್ತು. ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಹೃದಯದ ಮೈಟ್ರಲ್ ಕವಾಟ ಸೋರುವ ಸದ್ದು ಕೇಳಿಸಿತು. ಚಿಕ್ಕಂದಿನ ರುಮ್ಯಾಟಿಕ್ ಜ್ವರ ಬಿಟ್ಟುಹೋದ ಗುರುತು ಅದು. ಬಾಯಿಯಲ್ಲಿ ಹುಳುಕು ದವಡೆಹಲ್ಲು ಬೇರೆ.

ಹಾಳಾದ ಅಥವಾ ಕೃತಕ ಕವಾಟ ಇರುವವರು, ಹುಟ್ಟಿನಿಂದಲೇ ಹೃದಯದೋಷ ಇರುವವರು, ಡಯಾಲಿಸಿಸ್ ನಳಿಕೆ ಹಾಕಿಸಿಕೊಂಡವರು, ಇವರಲ್ಲಿ ಬಿಡದ ಜ್ವರ ಕಂಡರೆ ನಾನು ಮೊದಲು ಯೋಚಿಸುವುದು ಹೃದಯದ ಒಳಪೊರೆಯ ಸೋಂಕನ್ನು, ಅಂದರೆ ಎಂಡೋಕಾರ್ಡೈಟಿಸನ್ನು.

"ಡಾಕ್ಟರೇ, ಮೊದಲು ಜ್ವರಕ್ಕೊಂದು ಸೂಜಿ ಹಾಕಿ" ಎಂದರು ಆಕೆಯ ಗಂಡ. ಆಕೆಯ ರಕ್ತದೊತ್ತಡ, ಉಸಿರಾಟ ಸರಿಯಾಗಿದ್ದುದರಿಂದ ನಾನು ಬೇಡವೆಂದೆ. ಆಂಟಿಬಯೋಟಿಕ್ ಒಳಗೆ ಹೋದ ಮೇಲೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೋರಿಸುವುದು ಕಷ್ಟ. ಚರ್ಮವನ್ನು ಶುಚಿಗೊಳಿಸಿ, ದ್ರಾವಣ ಒಣಗಲು ಬಿಟ್ಟು, ಬೇರೆ ಬೇರೆ ಜಾಗಗಳಿಂದ ಮೂರು ಬಾರಿ ರಕ್ತ ತೆಗೆದೆವು. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ಗಂಟೆಗಿಂತ ಹೆಚ್ಚಿನ ಅಂತರವಿತ್ತು. ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಬೇಕು. ರಕ್ತ ಕಡಿಮೆಯಾದರೆ ಸೋಂಕು ಸಿಗದೇ ಹೋಗಬಹುದು. ಊರಿನ ಔಷಧದ ಪ್ರಭಾವದಿಂದ ಆ ಬಾಟಲಿಗಳಲ್ಲಿ ಏನೂ ಬೆಳೆಯಲಿಲ್ಲ. ಕೆಲ ದಿನ ಔಷಧವಿಲ್ಲದೆ ಕಾಯ್ದು ಮತ್ತೆ ತೆಗೆದಾಗ ಎಲ್ಲದರಲ್ಲೂ ಬಾಯಲ್ಲಿ ವಾಸಿಸುವ ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್ ಬೆಳೆಯಿತು. ಎದೆಯ ಮೇಲಿನಿಂದ ಮಾಡಿದ ಎಕೋದಲ್ಲಿ ಅಸ್ಪಷ್ಟವಾಗಿದ್ದ ಗಂಟು, ಅನ್ನನಾಳದ ಮೂಲಕ ಮಾಡಿದ ಎಕೋದಲ್ಲಿ ಕವಾಟಕ್ಕೆ ಅಂಟಿ ಅಲುಗಾಡುತ್ತಿರುವುದು ಕಂಡಿತು.

ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ದಿನಕ್ಕೆ 2 ಗ್ರಾಂ, ರಕ್ತನಾಳದ ಮೂಲಕ, 4 ವಾರ. ಲೆಕ್ಕ ಶುರುವಾಗುವುದು ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಂತ ದಿನದಿಂದ. ಕೃತಕ ಕವಾಟವಾಗಿದ್ದರೆ 6 ವಾರ. ಜ್ವರ ಬಿಟ್ಟ ಮೇಲೆ ಊರಿಗೆ ಹೋಗುವ ಮಾತು ಬಂತು. ನಾನು ಎಕೋ ಚಿತ್ರ ತೋರಿಸಿದೆ. ಆ ಗಂಟು ಪ್ಲೇಟ್‌ಲೆಟ್ ಮತ್ತು ಫೈಬ್ರಿನ್‌ನ ಮುದ್ದೆ. ಅದರೊಳಗೆ ರಕ್ತನಾಳವಿಲ್ಲ, ಬಿಳಿ ರಕ್ತಕಣಗಳು ನುಗ್ಗಲಾರವು. ಆಳದಲ್ಲಿ ದಟ್ಟವಾಗಿ ಕುಳಿತ ಬ್ಯಾಕ್ಟೀರಿಯಾ ಬಹುತೇಕ ಬೆಳೆಯುವುದನ್ನೇ ನಿಲ್ಲಿಸಿರುತ್ತವೆ, ಸೆಫ್ಟ್ರಿಯಾಕ್ಸೋನ್‌ನಂಥ ಔಷಧಕ್ಕೋ ಬೆಳೆಯುತ್ತಿರುವ ಬ್ಯಾಕ್ಟೀರಿಯಾವೇ ಸುಲಭದ ಗುರಿ. ಹಾಗಾಗಿ ಹೊರಪದರ ಶುದ್ಧವಾಗಿ ಜ್ವರ ನಿಂತರೂ, ಔಷಧವನ್ನು ನಡುವೆಯೇ ನಿಲ್ಲಿಸಿದರೆ ಒಳಗೆ ಉಳಿದವು ಮತ್ತೆ ಹರಡುತ್ತವೆ.

ಗಂಟಿನ ಚೂರು ಕಿತ್ತು ಮೆದುಳಿಗೆ ಹೋಗುವ ಅಪಾಯ ಚಿಕಿತ್ಸೆಯ ಮೊದಲ ಎರಡು ವಾರಗಳಲ್ಲಿ ಹೆಚ್ಚು. ಅಷ್ಟು ಕಾಲ ಆಸ್ಪತ್ರೆಯಲ್ಲೇ ಇಟ್ಟುಕೊಂಡೆ. ಉಳಿದ ಸೂಜಿಗಳನ್ನು ಊರ ಹತ್ತಿರದ ಆಸ್ಪತ್ರೆಯಲ್ಲಿ ಕೊಡಿಸಿದೆವು. ಹುಳುಕು ಹಲ್ಲನ್ನು ಈ ನಡುವೆಯೇ ತೆಗೆಸಿದೆ. ಇನ್ನು ಮುಂದೆ ಹಲ್ಲು ಕೀಳಿಸುವಾಗಲೆಲ್ಲ 30ರಿಂದ 60 ನಿಮಿಷ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ನುಂಗಬೇಕೆಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ.