ಒಂದು ಮೋಟಾರ್, ಎರಡು ಹಿಡಿ: ಡಿ.ಸಿ. ಮೋಟಾರಿನ ವೇಗ ಇಳಿಸುವುದು, ಏರಿಸುವುದು ಹೇಗೆ?

ಡಿ.ಸಿ. ಷಂಟ್ ಮೋಟಾರಿಗೆ 220 ವೋಲ್ಟ್ ಬದಲು 110 ವೋಲ್ಟ್ ಕೊಟ್ಟರೆ ವೇಗ ಅರ್ಧಕ್ಕೆ ಇಳಿಯುತ್ತದೆ ಎಂದು ನಂಬಿ ಮಾಡಿ ನೋಡಿದವರು ಪೆಚ್ಚಾಗುತ್ತಾರೆ. ವೇಗ ಅಷ್ಟೊಂದು ಇಳಿಯುವುದೇ ಇಲ್ಲ. ಷಂಟ್ ಮೋಟಾರಿನಲ್ಲಿ ತಿರುಗುವ ಆರ್ಮೇಚರ್ ಮತ್ತು ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿ ಎರಡೂ ಒಂದೇ ತಂತಿಯಿಂದ ವಿದ್ಯುತ್ ಪಡೆಯುತ್ತವೆ. ವೋಲ್ಟೇಜ್ ತಗ್ಗಿಸಿದಾಗ ಎರಡೂ ತಗ್ಗುತ್ತವೆ. ಆರ್ಮೇಚರ್ ವೋಲ್ಟೇಜ್ ಕಡಿಮೆಯಾದರೆ ವೇಗ ಇಳಿಯಬೇಕು, ಫೀಲ್ಡ್ ದುರ್ಬಲವಾದರೆ ವೇಗ ಏರಬೇಕು. ಒಂದು ಎಳೆದದ್ದನ್ನು ಇನ್ನೊಂದು ಬಿಟ್ಟುಕೊಡುತ್ತದೆ. ಆದ್ದರಿಂದ ವೇಗ ನಿಯಂತ್ರಣದ ಮೊದಲ ಕೆಲಸ ಇವೆರಡನ್ನೂ ಬೇರ್ಪಡಿಸಿ, ಒಂದೊಂದಕ್ಕೂ ಅದರದೇ ಹಿಡಿ ಕೊಡುವುದು.

ಲೆಕ್ಕಕ್ಕೆ ಒಂದು ಮೋಟಾರನ್ನು ಇಟ್ಟುಕೊಳ್ಳೋಣ. ನೇಮ್ ಪ್ಲೇಟ್ ಮೇಲೆ 220 ವೋಲ್ಟ್, ಆರ್ಮೇಚರಿಗೆ 20 ಆಂಪಿಯರ್, 1500 ಆರ್‌ಪಿಎಂ ಎಂದಿದೆ. ಆರ್ಮೇಚರ್ ರೋಧ 1 ಓಮ್, ಫೀಲ್ಡ್ ಸುರುಳಿಯ ರೋಧ 220 ಓಮ್. ಅಂದರೆ ಫೀಲ್ಡ್‌ನಲ್ಲಿ 1 ಆಂಪಿಯರ್ ಹರಿಯುತ್ತದೆ. ಪೂರ್ಣ ವೋಲ್ಟೇಜ್, ಪೂರ್ಣ ಫೀಲ್ಡ್, ಪೂರ್ಣ ಹೊರೆಯಲ್ಲಿ ಬರುವ ಈ 1500 ಆರ್‌ಪಿಎಂ ಅದರ ಮೂಲ ವೇಗ. ತಿರುಗುವ ಆರ್ಮೇಚರ್ ತಾನೇ ಒಂದು ಜನರೇಟರ್‌ನಂತೆ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಅದೇ ಬ್ಯಾಕ್ ಇಎಂಎಫ್. ಇಲ್ಲಿ ಅದು 220ರಿಂದ ಆರ್ಮೇಚರ್ ರೋಧದಲ್ಲಿ ಬೀಳುವ 20 ಕಳೆದು 200 ವೋಲ್ಟ್. ಮುಂದಿನದ್ದೆಲ್ಲ ಈ ಒಂದು ಸಂಬಂಧದ ಮೇಲೆ ನಿಂತಿದೆ:

N ∝ (V − I·R) / Φ

N ವೇಗ, V ಆರ್ಮೇಚರ್ ವೋಲ್ಟೇಜ್, I ಆರ್ಮೇಚರ್ ಕರೆಂಟ್, R ಆರ್ಮೇಚರ್ ರೋಧ, Φ ಕಾಂತಕ್ಷೇತ್ರದ ಬಲ.

ಮೊದಲು ಫೀಲ್ಡ್, ಆಮೇಲೆ ಆರ್ಮೇಚರ್

ಫೀಲ್ಡ್‌ಗೆ ಪೂರ್ಣ 220 ವೋಲ್ಟ್ ಕೊಡಿ. ಅದರ ಸರಣಿಯಲ್ಲಿಟ್ಟ, ರೋಧವನ್ನು ಏರಿಸಿ ಇಳಿಸುವ ರಿಯೊಸ್ಟಾಟ್ ಸೊನ್ನೆಯಲ್ಲಿರಲಿ. ಅಮ್ಮೀಟರ್ 1 ಆಂಪಿಯರ್ ತೋರಿಸಿದ ಮೇಲಷ್ಟೇ ಆರ್ಮೇಚರ್ ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ನಿಂತ ಆರ್ಮೇಚರಿನಲ್ಲಿ ಬ್ಯಾಕ್ ಇಎಂಎಫ್ ಇರುವುದಿಲ್ಲ. ಒಮ್ಮೆಲೇ 220 ವೋಲ್ಟ್ ಕೊಟ್ಟರೆ 1 ಓಮ್ ರೋಧದಲ್ಲಿ ಹರಿಯುವುದು 220 ಆಂಪಿಯರ್, ಸಹಜ ಕರೆಂಟಿನ ಹನ್ನೊಂದು ಪಟ್ಟು.

ಮೂಲ ವೇಗದ ಕೆಳಗೆ: ಆರ್ಮೇಚರ್ ವೋಲ್ಟೇಜ್

ಪೂರ್ಣ ಹೊರೆಯಲ್ಲಿ ವೇಗ 750 ಆಗಬೇಕು ಎನ್ನೋಣ. ಫೀಲ್ಡ್ ಮುಟ್ಟುವುದಿಲ್ಲ, ಆದ್ದರಿಂದ ಬ್ಯಾಕ್ ಇಎಂಎಫ್ ಅರ್ಧ, ಅಂದರೆ 100 ವೋಲ್ಟ್. ಆರ್ಮೇಚರ್ ರೋಧದಲ್ಲಿ ಬೀಳುವ 20 ವೋಲ್ಟ್ ಸೇರಿಸಿದರೆ ಆರ್ಮೇಚರಿಗೆ ಬೇಕಾದದ್ದು 120 ವೋಲ್ಟ್. ಫೀಲ್ಡ್ ಪೂರ್ಣವಾಗಿರುವುದರಿಂದ ಅದೇ 20 ಆಂಪಿಯರಿಗೆ ಪೂರ್ಣ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ.

ಈ 120 ವೋಲ್ಟ್ ಎಲ್ಲಿಂದ ಬರುತ್ತದೆ ಎನ್ನುವುದರಲ್ಲಿ ವ್ಯತ್ಯಾಸವಿದೆ. ಲ್ಯಾಬಿನಲ್ಲಿ ಸುಲಭವಾಗಿ ಆರ್ಮೇಚರಿನ ಸರಣಿಯಲ್ಲಿ ಒಂದು ರಿಯೊಸ್ಟಾಟ್ ಇಡುತ್ತಾರೆ. ಉಳಿದ 100 ವೋಲ್ಟನ್ನು 20 ಆಂಪಿಯರಿನಲ್ಲಿ ನುಂಗಲು 5 ಓಮ್ ಬೇಕು. ಅಲ್ಲಿ 2000 ವಾಟ್ ಬರಿಯ ಬಿಸಿಯಾಗುತ್ತದೆ. ಮೋಟಾರ್ ಆಗ ಕೊಡುತ್ತಿರುವ ಕೆಲಸವೂ ಸುಮಾರು 2000 ವಾಟ್ ಮಾತ್ರ. ಇನ್ನೂ ಕೆಟ್ಟದ್ದೆಂದರೆ ವೇಗ ಒಂದೇ ಕಡೆ ನಿಲ್ಲುವುದಿಲ್ಲ. ಹೊರೆ ಇಳಿದು ಕರೆಂಟ್ 2 ಆಂಪಿಯರಿಗೆ ಬಂದರೆ ಒಟ್ಟು 6 ಓಮ್‌ನಲ್ಲಿ ಬೀಳುವುದು 12 ವೋಲ್ಟ್ ಅಷ್ಟೇ. ಬ್ಯಾಕ್ ಇಎಂಎಫ್ 208ಕ್ಕೆ ಏರಿ, 750ರಲ್ಲಿ ಓಡುತ್ತಿದ್ದ ಮೋಟಾರ್ 1560ಕ್ಕೆ ಹಾರುತ್ತದೆ. ರಿಯೊಸ್ಟಾಟಿನ ಬದಲು ನಿಜವಾಗಿಯೂ 120 ವೋಲ್ಟ್ ಕೊಡುವ ಮೂಲವಿದ್ದರೆ ಅದೇ ಸಂದರ್ಭದಲ್ಲಿ ವೇಗ 885ಕ್ಕೆ ನಿಲ್ಲುತ್ತದೆ. 1890ರ ದಶಕದಲ್ಲಿ ಅಮೆರಿಕದ ವಾರ್ಡ್ ಲಿಯೊನಾರ್ಡ್, ಒಂದು ಮೋಟಾರಿನ ವೇಗ ಆಳಲು ಇನ್ನೊಂದು ಮೋಟಾರನ್ನೂ ಒಂದು ಜನರೇಟರನ್ನೂ ಜೊತೆಗಿಟ್ಟ ದುಬಾರಿ ಏರ್ಪಾಡಿನ ಹಿಂದೆ ಇದ್ದ ತರ್ಕ ಇದೇ. ಈಗ ಆ ಕೆಲಸವನ್ನು ವೋಲ್ಟೇಜನ್ನು ಎಲೆಕ್ಟ್ರಾನಿಕ್ ಆಗಿ ಬದಲಿಸುವ ಥೈರಿಸ್ಟರ್ ಡ್ರೈವ್ ಮಾಡುತ್ತದೆ.

ಇಲ್ಲೊಂದು ಮಿತಿಯಿದೆ. ಮೋಟಾರಿನ ಶಾಫ್ಟ್‌ಗೇ ಕಟ್ಟಿದ ಫ್ಯಾನ್ ಇದ್ದರೆ ವೇಗ ಇಳಿದಂತೆ ಗಾಳಿಯೂ ಇಳಿಯುತ್ತದೆ, ಆದರೆ 20 ಆಂಪಿಯರಿನ ಬಿಸಿ ಹಾಗೆಯೇ ಇರುತ್ತದೆ. ಬಹಳ ಹೊತ್ತು ಪೂರ್ಣ ಹೊರೆಯಲ್ಲಿ ತೆವಳಿಸಬೇಕಾದರೆ ಬೇರೆ ಮೋಟಾರಿನಿಂದ ಓಡುವ ಬ್ಲೋವರ್ ಬೇಕು.

ಮೂಲ ವೇಗದ ಮೇಲೆ: ಫೀಲ್ಡ್ ದುರ್ಬಲಗೊಳಿಸುವುದು

ಆರ್ಮೇಚರ್ ವೋಲ್ಟೇಜ್ 220ಕ್ಕೆ ಬಂದ ಮೇಲೆ ಆ ಹಿಡಿಯ ಕೆಲಸ ಮುಗಿಯಿತು. ಇನ್ನು ಫೀಲ್ಡ್ ರಿಯೊಸ್ಟಾಟ್. ಕಾಂತಕ್ಷೇತ್ರ ಕುಗ್ಗಿಸಿದರೆ ಮೋಟಾರ್ ನಿಧಾನವಾಗಬೇಕಲ್ಲವೇ ಎಂಬ ಅನುಮಾನ ಸಹಜ. ಒಂದು ಹೆಜ್ಜೆ ಇಟ್ಟು ನೋಡೋಣ.

ಫೀಲ್ಡ್ ಬಲವನ್ನು ಹತ್ತನೇ ಒಂದು ಭಾಗ ಕುಗ್ಗಿಸಿ. ತಿರುಗುವ ತೂಕ ತಕ್ಷಣ ವೇಗ ಬದಲಿಸಲಾರದು, ಹಾಗಾಗಿ ಆ ಗಳಿಗೆಯಲ್ಲಿ ಬ್ಯಾಕ್ ಇಎಂಎಫ್ 200ರಿಂದ 180ಕ್ಕೆ ಬೀಳುತ್ತದೆ. 220ರಿಂದ 180 ಕಳೆದು ಉಳಿದ 40 ವೋಲ್ಟಿಗೆ 1 ಓಮ್ ರೋಧದಲ್ಲಿ ಈಗ ಕರೆಂಟ್ 40 ಆಂಪಿಯರ್, ನೇರ ಎರಡು ಪಟ್ಟು. ಟಾರ್ಕ್ ಫೀಲ್ಡ್ ಮತ್ತು ಕರೆಂಟಿನ ಗುಣಲಬ್ಧ. ಒಂದು ಶೇ 10 ಇಳಿದರೆ ಇನ್ನೊಂದು ಇಮ್ಮಡಿಯಾಗಿದೆ. ಹೊರೆಗಿಂತ ಟಾರ್ಕ್ ಹೆಚ್ಚಾದದ್ದರಿಂದ ಮೋಟಾರ್ ವೇಗ ಪಡೆಯುತ್ತದೆ, ಬ್ಯಾಕ್ ಇಎಂಎಫ್ ಮತ್ತೆ ಏರಿ ಕರೆಂಟನ್ನು ಅದುಮುವವರೆಗೆ. ಫೀಲ್ಡ್ ಹಿಡಿಯನ್ನು ಯಾಕೆ ನಿಧಾನವಾಗಿ ತಿರುಗಿಸಬೇಕು ಎನ್ನುವುದೂ ಇದರಲ್ಲೇ ಇದೆ. ಪುಟ್ಟ ಬದಲಾವಣೆಗೆ ಕರೆಂಟ್ ಜಿಗಿಯುತ್ತದೆ. ಹಿಡಿ ತಿರುಗಿಸುವಾಗ ಕಣ್ಣು ಟ್ಯಾಕೋಮೀಟರ್ ಮೇಲಲ್ಲ, ಆರ್ಮೇಚರ್ ಅಮ್ಮೀಟರ್ ಮೇಲಿರಲಿ.

2250 ಆರ್‌ಪಿಎಂ ಬೇಕೆಂದರೆ ಫೀಲ್ಡ್ ಬಲ ಮೂರರಲ್ಲಿ ಎರಡು ಭಾಗಕ್ಕೆ ಇಳಿಯಬೇಕು. ನೇರ ಲೆಕ್ಕದಲ್ಲಿ ಫೀಲ್ಡ್ ಕರೆಂಟ್ 0.67 ಆಂಪಿಯರ್, ಸೇರಿಸಬೇಕಾದ ರೋಧ 110 ಓಮ್. ಲ್ಯಾಬಿನಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಸರಿಬರುವುದಿಲ್ಲ. ಪೂರ್ಣ ಫೀಲ್ಡ್‌ನಲ್ಲಿ ಕಬ್ಬಿಣ ಕಾಂತತ್ವದಿಂದ ಅರೆಬರೆ ತುಂಬಿಹೋಗಿರುತ್ತದೆ, ಮೊದಲಿಗೆ ಕರೆಂಟ್ ಇಳಿಸಿದರೂ ಕಾಂತಬಲ ಅಷ್ಟು ಇಳಿಯುವುದಿಲ್ಲ. ಹಾಗಾಗಿ ಇನ್ನೂ ಹೆಚ್ಚಿನ ರೋಧ ಬೇಕಾಗುತ್ತದೆ.

ಆದರೆ ಈ ವೇಗ ಬಿಟ್ಟಿ ಬಂದದ್ದಲ್ಲ. 20 ಆಂಪಿಯರ್ ಮಿತಿಯೊಳಗೆ ಟಾರ್ಕ್ ಈಗ ಮೂರರಲ್ಲಿ ಎರಡು ಭಾಗ. ವೇಗ ಒಂದೂವರೆ ಪಟ್ಟು, ಶಕ್ತಿ ಅದೇ 4000 ವಾಟ್. ಹಗುರವಾಗಿ ಕೆತ್ತುವ ಲೇತ್‌ಗೆ ಇದು ಹೇಳಿ ಮಾಡಿಸಿದ ಗುಣ. ಭಾರ ಎತ್ತುವ ಹಾಯ್ಸ್ಟ್‌ಗೆ ಅಲ್ಲ: ಭಾರ ವೇಗದೊಂದಿಗೆ ಹಗುರವಾಗುವುದಿಲ್ಲ. ಅದೇ ಪೂರ್ಣ ಟಾರ್ಕ್ ಕೇಳಿದರೆ ಆರ್ಮೇಚರ್ 30 ಆಂಪಿಯರ್ ಎಳೆಯುತ್ತದೆ, ವೇಗವೂ 2250ರ ಬದಲು 2140ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಎಲ್ಲಿಯವರೆಗೆ ಹೋಗಬಹುದು? ನೇಮ್ ಪ್ಲೇಟ್ ಮೇಲೆ 1500/3000 ಎಂದು ಎರಡು ಸಂಖ್ಯೆ ಇದ್ದರೆ ಎರಡನೆಯದೇ ಗಡಿ. ಒಂದೇ ಸಂಖ್ಯೆ ಇದ್ದರೆ ತಯಾರಕರನ್ನು ಕೇಳದೆ ದಾಟಬೇಡಿ. ಗಡಿ ಹತ್ತಿರವಾದದ್ದನ್ನು ಮೊದಲು ಹೇಳುವುದು, ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಬ್ರಷ್. ಫೀಲ್ಡ್ ದುರ್ಬಲವಾದಾಗ ಆರ್ಮೇಚರಿನ ಸ್ವಂತ ಕಾಂತಕ್ಷೇತ್ರ ಅದನ್ನು ಹೆಚ್ಚು ತಿರುಚುತ್ತದೆ, ಜೊತೆಗೆ ಪ್ರತಿ ಸುರುಳಿಯ ಕರೆಂಟ್ ದಿಕ್ಕು ಬದಲಾಗಲು ಸಿಗುವ ಸಮಯ ಕಡಿಮೆಯಾಗುತ್ತದೆ. ಬ್ರಷ್ ಅಂಚಿನಲ್ಲಿ ಕಿಡಿಗಳು ಉದ್ದವಾಗತೊಡಗಿದರೆ ಫೀಲ್ಡ್ ಹಿಂದಕ್ಕೆ ಏರಿಸಿ.

ಫೀಲ್ಡ್ ಕಡಿದರೆ

ಫೀಲ್ಡ್ ತಂತಿ ಸಡಿಲಾಗಿ ಬಿಟ್ಟುಹೋದರೆ ಕಬ್ಬಿಣದಲ್ಲಿ ಉಳಿಯುವುದು ಅಳಿದುಳಿದ ಕಾಂತತ್ವ ಮಾತ್ರ. ಹೊರೆ ಇಲ್ಲದ ಮೋಟಾರ್ ಕಾಣೆಯಾದ ಬ್ಯಾಕ್ ಇಎಂಎಫ್ ಹುಡುಕುತ್ತ, ಆರ್ಮೇಚರ್ ಸುರುಳಿ ಕಿತ್ತು ಬರುವಷ್ಟು ವೇಗಕ್ಕೆ ಓಡಬಲ್ಲದು. ಹೊರೆ ಇದ್ದರೆ ಕರೆಂಟ್ ಏರಿ ಸುಡುತ್ತದೆ. ಅದಕ್ಕೇ ಫೀಲ್ಡ್ ದಾರಿಯಲ್ಲಿ ಫ್ಯೂಸ್ ಹಾಕುವುದಿಲ್ಲ. ಫೀಲ್ಡ್ ಕರೆಂಟ್ ನಿಗದಿತ ಮಟ್ಟಕ್ಕಿಂತ ಇಳಿದ ಕೂಡಲೇ ಆರ್ಮೇಚರ್ ಪೂರೈಕೆ ಕಡಿಯುವ ರಿಲೇ ಹಾಕುತ್ತಾರೆ.

ನಿಲ್ಲಿಸುವಾಗ ಬಂದ ದಾರಿಯಲ್ಲೇ ಹಿಂತಿರುಗಿ. ಫೀಲ್ಡ್ ರಿಯೊಸ್ಟಾಟ್ ಸೊನ್ನೆಗೆ ತಂದು ಫೀಲ್ಡ್ ಪೂರ್ಣ ಮಾಡಿ, ಆರ್ಮೇಚರ್ ವೋಲ್ಟೇಜ್ ಸೊನ್ನೆಗೆ ಇಳಿಸಿ, ಅದರ ಸ್ವಿಚ್ ತೆಗೆಯಿರಿ. ಶಾಫ್ಟ್ ನಿಂತ ಮೇಲೆ ಕೊನೆಯದಾಗಿ ಫೀಲ್ಡ್ ಸ್ವಿಚ್. ಸಾವಿರಾರು ಸುತ್ತಿನ ಆ ಸುರುಳಿ ಒಮ್ಮೆಲೇ ಕಡಿದಾಗ ದೊಡ್ಡ ವೋಲ್ಟೇಜ್ ಚಿಮ್ಮಿಸುವುದರಿಂದ, ಅದಕ್ಕೆ ಅಡ್ಡಲಾಗಿ ಡಿಸ್ಚಾರ್ಜ್ ರೆಸಿಸ್ಟರ್ ಇದೆಯೇ ಎಂದು ಮೊದಲೇ ನೋಡಿಕೊಂಡಿರಿ.